ಗೌಂಡಿ ತಂಡ ಒಂದೇ, ಚಾರ್ಟಿನಲ್ಲಿ ಎರಡು

ಸರ್ಕಾರಿ ಕೆಲಸ ತಡ ಆಯ್ತು ಅಂದ್ರೆ ನಮ್ಮ ಕಡೆ ಬೈಗುಳ ಬೀಳೋದು ಗೌಂಡಿಗೆ. ‘ಹೇಳಿದ ದಿನಕ್ಕ ಬರಂಗಿಲ್ರೀ ಇವ್ರು’ ಅಂತ ಒಂದು ಮಾತು ಹೇಳಿ ಎಂಜಿನಿಯರೂ ಕಂಟ್ರಾಕ್ಟರೂ ಕೈ ತೊಳೆದುಕೊಳ್ತಾರೆ. ನನ್ನ ತಕರಾರು ಇಷ್ಟೇ: ಬಹಳ ಸಲ ತಪ್ಪು ಇರೋದು ಗೌಂಡಿಯ ಕೈಯಲ್ಲಲ್ಲ, ಕಚೇರಿಯ ಗೋಡೆಗೆ ಅಂಟಿಸಿದ ವೇಳಾಪಟ್ಟಿಯಲ್ಲಿ.

ಲೆಕ್ಕ ಮಾಡಿಯೇ ನೋಡೋಣ. ಹಾನಗಲ್ ತಾಲೂಕಿನ ಯಾವುದೋ ಒಂದು ಹಳ್ಳಿಯ ಶಾಲೆ ಅಂದುಕೊಳ್ಳಿ. ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡವು, ಆದರೆ ಕೆಲಸದ ಕ್ರಮ ನೀವು ಎಲ್ಲಿ ಹೋದರೂ ಇದೇ. ಒಂದು ಹೊಸ ತರಗತಿ ಕೋಣೆ: ಪಾಯ, ಗೋಡೆ 30 ದಿನ, ಸೆಂಟ್ರಿಂಗ್ ಮತ್ತು ಸ್ಲ್ಯಾಬ್ 12 ದಿನ, ಸ್ಲ್ಯಾಬಿಗೆ ನೀರು ಹಾಕುತ್ತ ಕೆಳಗಿನ ಆಧಾರ ಬಿಚ್ಚದೆ ಕಾಯೋದು 14 ದಿನ, ಆಮೇಲೆ ಗಿಲಾವು 10 ದಿನ. ಪಕ್ಕದಲ್ಲಿ ಶೌಚಾಲಯ ಮತ್ತು ಬಿಸಿಯೂಟದ ಅಡುಗೆಕೋಣೆ: ಗುಂಡಿ, ಗೋಡೆ 36 ದಿನ, ಪೈಪು 8, ಟೈಲ್ಸ್ 10. ಎರಡೂ ಮುಗಿದ ಮೇಲೆ ಬಣ್ಣ 8 ದಿನ.

ಕ್ರಿಟಿಕಲ್ ಪಾತ್ ಪದ್ಧತಿ ಇದನ್ನು ಹೇಗೆ ನೋಡ್ತದೆ? ಯಾವ ಕೆಲಸ ಆದಮೇಲೆ ಯಾವುದು ಅಂತ ಸರಪಳಿ ಕಟ್ಟಿ, ಅದರಲ್ಲಿ ಉದ್ದದ ದಾರಿ ಹುಡುಕುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಸೇರಿ ಬೆಳೆಸಿದ ವಿದ್ಯೆ ಅದು. ಇಲ್ಲಿ ಉದ್ದದ ದಾರಿ ತರಗತಿಯದು: 30, 12, 14, 10, 8, ಒಟ್ಟು 74 ದಿನ. ಶೌಚಾಲಯದ ದಾರಿಗೆ 12 ದಿನ ಬಿಡುವು ಇದೆ. ಮಾರ್ಚ್ 10ಕ್ಕೆ ಶುರು ಮಾಡಿದರೆ, ರಜೆ ಹಿಡಿಯದೆ, ಮೇ 22ಕ್ಕೆ ಕೆಲಸ ಖಲಾಸ್. ಮಳೆಗೆ ಮೊದಲೇ ಬೀಗ ಕೈಗೆ. ಚಾರ್ಟ್ ಚಂದ ಕಾಣ್ತದೆ, ಸಹಿ ಬೀಳ್ತದೆ.

ಆದರೆ ಆ ಚಾರ್ಟಿನಲ್ಲಿ ಮೊದಲ ದಿನವೇ ತರಗತಿಯ ಪಾಯವೂ ಶೌಚಾಲಯದ ಗುಂಡಿಯೂ ಒಟ್ಟಿಗೆ ಶುರುವಾಗಿವೆ. ಊರಲ್ಲಿರೋದು ಒಂದೇ ಗೌಂಡಿ ತಂಡ! ಆ ತಂಡ ಮೊದಲು 30 ದಿನ ತರಗತಿ ಗೋಡೆ ಕಟ್ಟಬೇಕು, ಆಮೇಲೆ 36 ದಿನ ಶೌಚಾಲಯ. ಅದಾದ ಮೇಲೆ ಪೈಪು 8, ಟೈಲ್ಸ್ 10, ಬಣ್ಣ 8. ಒಟ್ಟು 92 ದಿನ. ಶೌಚಾಲಯ ಮೊದಲು ಮಾಡಿದರೆ ಇನ್ನೂ ತಡ, 110 ದಿನ. ಅಂದರೆ ಎಲ್ಲರೂ ಹೇಳಿದ ದಿನಕ್ಕೆ ಸರಿಯಾಗಿ ಮುಗಿಸಿದರೂ ಜೂನ್ 9 ಆಗ್ತದೆ. ಅಷ್ಟೊತ್ತಿಗೆ ಮಳೆ ಹಿಡಿದಿರ್ತದೆ, ಗೌಂಡಿ ತಂಡದ ಅರ್ಧ ಜನ ಬಿತ್ತಲಿಕ್ಕೆ ಹೊಲಕ್ಕೆ ಹೋಗಿರ್ತಾರೆ.

ಈಗ ನೋಡಿ, ನಿಜವಾದ ಸರಪಳಿ ತರಗತಿಯಿಂದ ಶೌಚಾಲಯಕ್ಕೆ ಜಿಗಿಯಿತು. ಜಿಗಿಸಿದ್ದು ತಂತ್ರಜ್ಞಾನವಲ್ಲ, ಆ ಒಂದೇ ಗೌಂಡಿ ತಂಡ. ಚಾರ್ಟ್ ನಂಬಿದ ಎಂಜಿನಿಯರ್ ಸ್ಲ್ಯಾಬ್ ಹತ್ತಿರ ನಿಂತು ಕಾವಲು ಕಾಯ್ತಿರ್ತಾನೆ. ದಿನ ಸೋರೋದು ಅವನ ಬೆನ್ನ ಹಿಂದೆ, ‘ಬಿಡುವು ಇದೆ’ ಅಂತ ಬರೆದ ಶೌಚಾಲಯದಲ್ಲಿ. ಕೆಲಸದ ಕ್ರಮ ಮತ್ತು ಕೆಲಸದವರ ಲಭ್ಯತೆ ಎರಡನ್ನೂ ಹಿಡಿದು ಸಿಗುವ ಈ ಉದ್ದದ ಸಾಲಿಗೇ ಕ್ರಿಟಿಕಲ್ ಚೈನ್ ಅನ್ನೋದು. ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್ 1997ರಲ್ಲಿ ಅದೇ ಹೆಸರಿನ ಪುಸ್ತಕದಲ್ಲಿ ಇದನ್ನು ಮುಂದಿಟ್ಟ.

‘ಇದೇನ್ ಹೊಸಾದು? ಕಂಪ್ಯೂಟರಿನ್ಯಾಗ ಜನರ ಲೆಕ್ಕಾನೂ ಹಾಕಬಹುದಲ್ರೀ’ ಅಂತ ಕೇಳುವವರಿದ್ದಾರೆ. ಒಪ್ಪಿದೆ, 92 ಅನ್ನೋ ಅಂಕಿಯವರೆಗೆ ಹಳೆಯ ಪದ್ಧತಿಯನ್ನೂ ತಿದ್ದಿ ತರಬಹುದು. ವ್ಯತ್ಯಾಸ ಶುರುವಾಗೋದು ಅಲ್ಲಿಂದ ಮುಂದೆ.

ಗೌಂಡಿ ಮೇಸ್ತ್ರಿಯನ್ನು ‘ಎಷ್ಟ್ ದಿನಾ ಬೇಕಪಾ?’ ಅಂತ ಕೇಳಿ. ‘ಮೂವತ್ತು ದಿನಾ ಹಿಡೀರಿ ಸಾಹೇಬ್ರ’ ಅಂತಾನೆ. ಮರಳು ಬರದಿದ್ದರೆ, ಕರೆಂಟ್ ಹೋದರೆ, ಜಾತ್ರೆ ಬಂದರೆ ಅಂತ ಎಲ್ಲವನ್ನೂ ಸೇರಿಸಿ ಹೇಳಿದ ಮಾತದು. ಎಲ್ಲ ನೆಟ್ಟಗೆ ನಡೆದರೆ 20 ದಿನದ ಕೆಲಸ. ಹಾಗಂತ ಅದು 20ಕ್ಕೆ ಮುಗೀತದೆಯೇ? ಇಲ್ಲ. ಮೂವತ್ತು ಇದೆಯಲ್ಲ ಅಂತ ನಡುವೆ ಕಂಟ್ರಾಕ್ಟರ್ ತಂಡವನ್ನು ಅಕ್ಕಿಆಲೂರಿನ ಇನ್ನೊಂದು ಕೆಲಸಕ್ಕೆ ಎಳೀತಾನೆ. ಬೇಗ ಮುಗಿದರೂ ಪೈಪಿನವನು ಚಾರ್ಟಿನಲ್ಲಿ ಬರೆದ ದಿನಕ್ಕೇ ಬರ್ತಾನೆ. ಉಳಿದ ದಿನ ಹಾಳು, ತಡವಾದದ್ದು ಮಾತ್ರ ಪೂರ್ತಿ ಮುಂದಿನವನ ತಲೆಗೆ.

ಕ್ರಿಟಿಕಲ್ ಚೈನ್ ಈ ಬಚ್ಚಿಟ್ಟ ದಿನಗಳನ್ನು ಪ್ರತಿಯೊಬ್ಬರ ಕಿಸೆಯಿಂದ ತೆಗೆದು ಕೊನೆಯಲ್ಲಿ ಒಂದೇ ಗಂಟು ಕಟ್ಟಿಡುತ್ತದೆ. ಅದೇ ಪ್ರಾಜೆಕ್ಟ್ ಬಫರ್. ನಮ್ಮ ಸಾಲಿನಲ್ಲಿ 30ಕ್ಕೆ 20, 36ಕ್ಕೆ 24, ಪೈಪಿಗೆ 4, ಟೈಲ್ಸಿಗೆ 6, ಬಣ್ಣಕ್ಕೆ 4. ಒಟ್ಟು 58 ದಿನ. ತೆಗೆದದ್ದು 34, ಅದರ ಅರ್ಧ, 17 ದಿನ, ಬಫರ್. ಅರ್ಧ ಯಾಕೆ ಸಾಕು? ಎಲ್ಲ ಕೆಲಸಕ್ಕೂ ಒಟ್ಟಿಗೆ ಕೆಟ್ಟ ಕಾಲ ಬರೋದಿಲ್ಲ; ಒಂದರಲ್ಲಿ ಉಳಿದದ್ದು ಇನ್ನೊಂದಕ್ಕೆ ಆಗ್ತದೆ. 58ಕ್ಕೆ 17 ಸೇರಿಸಿ, 75 ದಿನ. ಮೇ 23. ತರಗತಿಯ ಸ್ಲ್ಯಾಬ್ ಮತ್ತು ಗಿಲಾವು ಬಣ್ಣದ ಕೆಲಸಕ್ಕೆ ಬಂದು ಸೇರುವಲ್ಲಿ 4 ದಿನದ ಇನ್ನೊಂದು ಚಿಕ್ಕ ಬಫರ್, ಆ ಉಪದಾರಿಯ ತಡ ಮುಖ್ಯ ಸಾಲಿಗೆ ತಾಗದಂತೆ. ಒಂದನ್ನು ಮಾತ್ರ ಮುಟ್ಟಬೇಡಿ: ಸ್ಲ್ಯಾಬಿನ 14 ದಿನ. ನಾಲ್ಕೂವರೆ ಮೀಟರಿಗಿಂತ ಅಗಲದ ಸ್ಲ್ಯಾಬಿನ ಆಧಾರ ಅಷ್ಟು ದಿನ ಇರಲೇಬೇಕು ಅಂತ ನಿಯಮ ಇದೆ. ಕಾಂಕ್ರೀಟು ಕಿಸೆಯಲ್ಲಿ ದಿನ ಬಚ್ಚಿಡೋದಿಲ್ಲ.

ಇನ್ನು ಉಸ್ತುವಾರಿ. ‘ಯಾರು ಎಷ್ಟು ದಿನ ತಡ’ ಅನ್ನೋ ಪಂಚಾಯ್ತಿ ಬಿಟ್ಟು ಎರಡೇ ಪ್ರಶ್ನೆ ಕೇಳಬೇಕು: ಸಾಲು ಎಷ್ಟು ಮುಗಿಯಿತು, ಬಫರ್ ಎಷ್ಟು ಖರ್ಚಾಯಿತು? ತರಗತಿ ಗೋಡೆ 20ರ ಬದಲು 30 ದಿನ ತಿಂದಿತು ಅನ್ನಿ. ಸಾಲು ಮೂರನೇ ಒಂದು ಭಾಗ ಮುಗಿದಿದೆ, ಬಫರ್ ಅರ್ಧಕ್ಕಿಂತ ಜಾಸ್ತಿ ಹೋಗಿದೆ. ಇದು ಏಪ್ರಿಲ್ 8ಕ್ಕೇ ಗೊತ್ತಾಗ್ತದೆ. ತಿಳವಳ್ಳಿ ಕಡೆಯಿಂದ ಇನ್ನೊಂದು ಗೌಂಡಿ ತಂಡ ತರಲಿಕ್ಕೆ ಇನ್ನೂ ಹೊತ್ತಿದೆ. ಅದೇ ತಡ ಹಳೆ ಚಾರ್ಟಿನಲ್ಲಿ ‘ಸಮಯಕ್ಕೆ ಸರಿಯಾಗಿ’ ಅಂತ ಹಸಿರಾಗಿಯೇ ಕಾಣ್ತಿತ್ತು!

ಈ ಪದ್ಧತಿಯನ್ನು ಕೆಡಿಸೋ ದಾರಿಯೂ ಎರಡಿವೆ, ನಮ್ಮವರು ಎರಡನ್ನೂ ಮಾಡ್ತಾರೆ. ಒಂದು, ಮೇಲಿನ ಸಾಹೇಬರು 17 ದಿನ ನೋಡಿ ‘ಇದ್ಯಾಕ್ರೀ ಖಾಲಿ?’ ಅಂತ ಹೊಡೆದುಹಾಕೋದು. ಬಫರ್ ಕಿತ್ತ ಕ್ರಿಟಿಕಲ್ ಚೈನ್ ಅಂದ್ರೆ ಬರೀ ಕೂಲಿಯವರ ಕುತ್ತಿಗೆ ಹಿಚುಕೋದು. ಎರಡು, 20 ದಿನ ಅಂತ ಹೇಳಿಸಿ 21ನೇ ದಿನಕ್ಕೆ ದಂಡ ಹಾಕೋದು. 20 ಅನ್ನೋದು ಎರಡರಲ್ಲಿ ಒಂದು ಸಲ ತಪ್ಪುವ ಅಂದಾಜು. ಅದಕ್ಕೆ ದಂಡ ಹಾಕಿದರೆ ಮುಂದಿನ ಸಲ ಮೇಸ್ತ್ರಿ 60 ಹೇಳ್ತಾನೆ, ಹೇಳಲೇಬೇಕು.

ಆದ್ದರಿಂದ ಮುಂದಿನ ಸಲ ಯಾರಾದರೂ ಶಾಲೆಯ ವೇಳಾಪಟ್ಟಿ ತಂದು ಎಸ್‌ಡಿಎಂಸಿ ಸಭೆಯಲ್ಲಿ ಹರವಿದರೆ, ಮುಗಿಯುವ ತಾರೀಖು ಕೇಳಬೇಡಿ. ‘ಮೊದಲನೇ ದಿನಾ ಗೌಂಡಿ ಎಲ್ಲಿ ಇರ್ತಾನ್ರೀ?’ ಅಂತ ಕೇಳಿ. ಎರಡು ಕಡೆ ಬೆರಳು ತೋರಿಸಿದರೆ ಆ ಕಾಗದ ಮಡಿಚಿ ವಾಪಸ್ ಕೊಡಿ.