ಕರೆಯದೆ ಬಂದ ಅರ್ಜಿಗೂ ಒಂದು ಉತ್ತರವಿರಲಿ

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಉದ್ಯಮಗಳಲ್ಲಿ ಕೆಲಸಕ್ಕೆ ಜನ ಬೇಕೆಂದು ಪತ್ರಿಕೆಯಲ್ಲಿ ಪ್ರಕಟಣೆ ನೀಡುವ ವಾಡಿಕೆ ಕಡಿಮೆ. ಕೊಬ್ಬರಿ ಮಂಡಿಯ ಗುಮಾಸ್ತರಾಗಲಿ, ತೆಂಗಿನ ಪುಡಿ ಕಾರ್ಖಾನೆಯ ಮೇಸ್ತ್ರಿಯಾಗಲಿ, ನಾರಿನ ಘಟಕದ ಯಂತ್ರ ನೋಡಿಕೊಳ್ಳುವವರಾಗಲಿ ಸಾಮಾನ್ಯವಾಗಿ ಪರಿಚಯಸ್ಥರ ಮಾತಿನ ಮೇಲೆ ಬಂದವರೇ. ಹೀಗಿರುವಾಗ ಅಪರಿಚಿತ ಪದವೀಧರರೊಬ್ಬರಿಂದ ‘ತಮ್ಮಲ್ಲಿ ನನಗೊಪ್ಪುವ ಕೆಲಸವಿದೆಯೇ’ ಎಂದು ಪತ್ರ ಬಂದರೆ ‘ನಮ್ಮಲ್ಲಿ ಖಾಲಿ ಇಲ್ಲ’ ಎಂಬ ಒಂದೇ ಮಾತಿನಲ್ಲಿ ಅದು ಮೂಲೆ ಸೇರುತ್ತದೆ. ಸಣ್ಣ ಉದ್ಯಮಗಳಲ್ಲಿ ‘ಖಾಲಿ ಇಲ್ಲ’ ಎಂಬುದಕ್ಕೆ ಅನೇಕ ವೇಳೆ ಇರುವ ಅರ್ಥವೊಂದೇ: ಆಗಬೇಕಾದ ಕೆಲಸಕ್ಕೆ ಮಾಲೀಕರು ಇನ್ನೂ ಹೆಸರಿಟ್ಟಿಲ್ಲ. ಕರೆಯದೆ ಬಂದ ಪತ್ರದ ಬೆಲೆ ಇರುವುದು ಇಲ್ಲಿಯೇ.

ಇಂಥ ಪತ್ರಕ್ಕೆ ಕನ್ನಡಿಗರೆಲ್ಲ ಬಲ್ಲ ಹತ್ತಿರದ ನಿದರ್ಶನವೊಂದಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದ ಸುಧಾ ಕುಲಕರ್ಣಿ, ಮುಂದೆ ಸುಧಾ ಮೂರ್ತಿಯಾದವರು, ಟೆಲ್ಕೋ ಕಂಪನಿಯ ಪ್ರಕಟಣೆಯೊಂದರಲ್ಲಿ ಮಹಿಳೆಯರು ಅರ್ಜಿ ಸಲ್ಲಿಸಬೇಕಾಗಿಲ್ಲವೆಂಬ ಸಾಲನ್ನು ಕಂಡರು. ಅಂದರೆ ಅವರ ಪಾಲಿಗೆ ಆ ಹುದ್ದೆ ಇರಲೇ ಇಲ್ಲ. ಅವರು ಜೆ.ಆರ್.ಡಿ. ಟಾಟಾ ಅವರಿಗೆ ಒಂದು ಅಂಚೆ ಕಾರ್ಡು ಬರೆದರು. ಅದರಲ್ಲಿ ತಮ್ಮ ಅಂಕಗಳ ಪಟ್ಟಿಗಿಂತ ಮುಖ್ಯವಾಗಿ, ವಿಜ್ಞಾನ ಶಿಕ್ಷಣಕ್ಕೆ ಇಷ್ಟು ದುಡಿದ ಸಂಸ್ಥೆಯಲ್ಲಿ ಈ ಭೇದವೇಕೆ ಎಂಬ ಪ್ರಶ್ನೆಯಿತ್ತು. ಪುಣೆಯಲ್ಲಿ ಸಂದರ್ಶನಕ್ಕೆ ಕರೆ ಬಂದಿತು, ಕೆಲಸವೂ ದೊರೆಯಿತು. ಕಾರ್ಡು ಫಲಿಸಿದ್ದಕ್ಕೆ ಎರಡು ಕಾರಣಗಳುಂಟು. ಬರೆದವರು ತಮ್ಮ ಅಗತ್ಯದಿಂದಲ್ಲದೆ ಕಂಪನಿಯ ವಿಷಯದಿಂದ ಮಾತು ತೆಗೆದರು. ಬಂದ ಕಾರ್ಡನ್ನು ಆ ಕಡೆಯಲ್ಲಿ ಓದುವವರಿದ್ದರು. ಎರಡನೆಯ ಮಾತು ಉದ್ಯಮಿಗಳ ಕೈಯಲ್ಲಿರುವಂಥದು.

ಎಲ್ಲ ಪತ್ರಗಳೂ ಓದಲು ಯೋಗ್ಯವಾಗಿರುವುದಿಲ್ಲ ಎಂಬುದೂ ನಿಜವೇ. ‘ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಯಾವುದೇ ಸೂಕ್ತ ಹುದ್ದೆ’ ಎಂದು ಬೇಡುವ ಪತ್ರವನ್ನು ವಿಳಾಸ ಬದಲಿಸಿ ನೂರು ಕಡೆಗೆ ಕಳುಹಿಸಬಹುದು. ಬರೆದವರು ಉದ್ಯಮವನ್ನು ಕಂಡಿದ್ದಾರೋ ಇಲ್ಲವೋ ಎಂಬುದು ಒಂದೆರಡು ಮಾತುಗಳಲ್ಲೇ ತಿಳಿಯುತ್ತದೆ. ಉಂಡೆ ಕೊಬ್ಬರಿಗಾಗಿ ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಒಳಗೇ ಒಣಗಲು ಬಿಡುತ್ತಾರೆ. ಪುಡಿ ಕಾರ್ಖಾನೆಗೆ ಬೇಕಾದುದು ಬಲಿತ ಹಸಿ ಕಾಯಿ. ಅದರ ಕರಟ ಬಿಡಿಸಿ, ಕಂದು ಸಿಪ್ಪೆ ಹೆರೆದು, ತೊಳೆದು, ತುರಿದು, ಡ್ರೈಯರ್‌ನಲ್ಲಿ ಒಣಗಿಸಿ, ಜರಡಿ ಹಿಡಿಯುತ್ತಾರೆ. ಪುಡಿ ಕಾರ್ಖಾನೆಗೆ ಬರೆಯುತ್ತ ‘ತಾವು ಖರೀದಿಸುವ ಕೊಬ್ಬರಿ’ ಎಂದವರು ಗೇಟಿನೊಳಗೆ ಇಣುಕಿಯೂ ನೋಡಿಲ್ಲವೆಂದು ತಿಳಿಯಬಹುದು.

ಇದಕ್ಕೆ ಪ್ರತಿಯಾಗಿ ಒಂದು ಒಳ್ಳೆಯ ಪತ್ರವನ್ನು ಕಲ್ಪಿಸಿಕೊಳ್ಳೋಣ. ತುರುವೇಕೆರೆ ಕಡೆಯ ರಸಾಯನಶಾಸ್ತ್ರದ ಪದವೀಧರೆಯೊಬ್ಬಳು ತಿಪಟೂರಿನ ಪುಡಿ ಕಾರ್ಖಾನೆಗೆ ಹೀಗೆ ಬರೆಯುತ್ತಾಳೆ: ‘ತಮ್ಮಲ್ಲಿ ಹುದ್ದೆ ಖಾಲಿ ಇರುವ ಬಗ್ಗೆ ನನಗೆ ತಿಳಿಯದು. ಪುಡಿಯ ತೇವಾಂಶವನ್ನು ಕೈಯಿಂದ ಮುಟ್ಟಿ ಅಂದಾಜು ಮಾಡುವಲ್ಲಿ ಪ್ರತಿ ಬ್ಯಾಚಿನ ಪರೀಕ್ಷೆಯನ್ನು ಕಾರ್ಖಾನೆಯಲ್ಲೇ ನಡೆಸಿ ದಾಖಲೆ ಇಡಬಲ್ಲೆ. ಒಂದು ತಿಂಗಳು ಪರೀಕ್ಷಾರ್ಥವಾಗಿ ದುಡಿಯಲು ಸಿದ್ಧಳಿದ್ದೇನೆ. ಅನುಕೂಲವಾದ ದಿನ ಹದಿನೈದು ನಿಮಿಷಗಳ ಭೇಟಿಗೆ ಅವಕಾಶ ಕೊಡಬೇಕೆಂದು ಕೋರುತ್ತೇನೆ.’ ಪತ್ರ ಒಂದೇ ಪುಟ. ಅದರಲ್ಲಿ ಒಂದು ಕೆಲಸದ ಹೆಸರಿದೆ, ಕೇಳಿಕೆಯೂ ಚಿಕ್ಕದು.

ಈ ಕೆಲಸಕ್ಕೆ ಸಂಬಳ ಹುಟ್ಟುವುದೇ ಎಂಬುದು ಮಾಲೀಕರ ಸಹಜ ಪ್ರಶ್ನೆ. ಲೆಕ್ಕ ಹಾಕಿ ನೋಡಬಹುದು. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದಂತೆ ತೆಂಗಿನ ಪುಡಿಯಲ್ಲಿ ತೇವಾಂಶ ಶೇ. 3ನ್ನು ಮೀರಬಾರದು. ಮೀರಿದರೆ ಮಾಲು ಕೆಡುವ, ಖರೀದಿದಾರ ಹಿಂದಿರುಗಿಸುವ ಭಯ. ಆ ಭಯದಿಂದ ಅಳತೆಯಿಲ್ಲದ ಕಡೆ ಪುಡಿಯನ್ನು ಅಗತ್ಯಕ್ಕಿಂತ ಹೆಚ್ಚು ಒಣಗಿಸುವುದುಂಟು. ಶೇ. 3 ತೇವಾಂಶವಿರುವ 1,000 ಕೆ.ಜಿ. ಪುಡಿಯಲ್ಲಿ ಒಣ ಅಂಶ 970 ಕೆ.ಜಿ. ಅದನ್ನೇ ಶೇ. 2ಕ್ಕೆ ಒಣಗಿಸಿದರೆ ತೂಕ ಸುಮಾರು 990 ಕೆ.ಜಿ.ಗೆ ಇಳಿಯುತ್ತದೆ, ಶೇ. 2.5ಕ್ಕೆ ನಿಲ್ಲಿಸಿದರೆ ಸುಮಾರು 995 ಕೆ.ಜಿ. ಉಳಿಯುತ್ತದೆ. ಟನ್ನಿಗೆ 5 ಕೆ.ಜಿ. ವ್ಯತ್ಯಾಸ. ದಿನಕ್ಕೆ 3 ಟನ್ ಪುಡಿ ಮಾಡುವ ಘಟಕ ತಿಂಗಳಿಗೆ 25 ದಿನ ನಡೆದರೆ ಇದು 375 ಕೆ.ಜಿ. ಆಗುತ್ತದೆ. ಲೆಕ್ಕಕ್ಕೆಂದು ಕೆ.ಜಿ.ಗೆ 150 ರೂಪಾಯಿ ಹಿಡಿದರೂ 56,250 ರೂಪಾಯಿ. ಒಲೆಗೆ ಉಳಿಯುವ ಸೌದೆ ಬೇರೆ.

ಈ ಲೆಕ್ಕಕ್ಕೆ ಮಿತಿಯೂ ಇದೆ. ಘಟಕ ಈಗಾಗಲೇ ಶೇ. 2.5ರ ಆಸುಪಾಸಿನಲ್ಲೇ ಒಣಗಿಸುತ್ತಿದ್ದರೆ ಈ ಲಾಭ ಇಲ್ಲ. ದಿನಕ್ಕೆ ಅರ್ಧ ಟನ್ ಮಾಡುವಲ್ಲಿ ಉಳಿಯುವುದು ತಿಂಗಳಿಗೆ ಒಂಬತ್ತು ಸಾವಿರ ರೂಪಾಯಿಯಷ್ಟೇ. ಅದರಿಂದ ಒಬ್ಬರ ಸಂಬಳ ಹೊರಡದು. ಅಂಥ ಕಡೆ ಪರೀಕ್ಷೆಯೊಂದಿಗೆ ಆಹಾರ ಸುರಕ್ಷತೆಯ ದಾಖಲೆ, ಲೆಕ್ಕಪತ್ರ, ಖರೀದಿದಾರರೊಡನೆ ಪತ್ರವ್ಯವಹಾರ ಇವನ್ನು ಸೇರಿಸಿ ಒಂದು ಹುದ್ದೆ ಮಾಡಬೇಕಾದೀತು.

ಆದುದರಿಂದ ಭೇಟಿಯಲ್ಲಿ ಪ್ರಮಾಣಪತ್ರಗಳಿಗಿಂತ ಮೊದಲು ಕೆಲಸದ ಬಗೆ ಕೇಳುವುದು ಲೇಸು. ‘ತೇವಾಂಶ ಹೇಗೆ ಅಳೆಯುವೆಯಮ್ಮ?’ ಎಂದು ಕೇಳಿದರೆ ಬಲ್ಲವಳು ಹೀಗೆ ಹೇಳುವಳು: 10 ಗ್ರಾಂ ಪುಡಿಯನ್ನು ತೂಗಿ, ಸುಮಾರು 105 ಡಿಗ್ರಿ ಶಾಖದ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ತೇವ ಹೀರದಂತೆ ಮುಚ್ಚಿ ಆರಿಸಿ ಮತ್ತೆ ತೂಗಬೇಕು. ಶೇ. 3 ಎಂದರೆ ಇಲ್ಲಿ ಕೇವಲ 0.3 ಗ್ರಾಂ, ಆದ್ದರಿಂದ ಅಂಗಡಿಯ ತಕ್ಕಡಿ ಸಾಲದು, ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು. ಮಾದರಿಯನ್ನು ಡ್ರೈಯರ್‌ನ ಒಂದೇ ಮೂಲೆಯಿಂದ ತೆಗೆಯಬಾರದು. ಈ ಕೊನೆಯ ಎರಡು ಮಾತುಗಳನ್ನು ತಾನಾಗಿ ಹೇಳಿದವಳಿಗೆ ಒಂದು ತಿಂಗಳ ಅವಕಾಶ ಕೊಡುವುದರಲ್ಲಿ ನಷ್ಟವಿಲ್ಲ. ಆ ತಿಂಗಳಿಗೆ ಸಂಬಳ ಕೊಡಬೇಕು, ಷರತ್ತುಗಳನ್ನು ಬರಹದಲ್ಲಿಡಬೇಕು. ಬಿಟ್ಟಿ ದುಡಿಮೆಯನ್ನು ಪರೀಕ್ಷೆಯೆಂದು ಕರೆಯುವುದು ತರವಲ್ಲ.

‘ಕಲಿತು ಬೆಂಗಳೂರಿಗೆ ಹೋಗಿಬಿಡುತ್ತಾರೆ’ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಊರಿನ ಹತ್ತಿರವೇ ಕೆಲಸ ಬೇಕೆಂದು ತಾವಾಗಿ ಬರೆದವರು, ಬೇರೆಡೆ ಸಿಗದೆ ಬಂದವರಿಗಿಂತ ಹೆಚ್ಚು ಕಾಲ ನಿಲ್ಲುವ ಸಂಭವವೇ ಅಧಿಕ. ಬ್ಯಾಚಿನ ದಾಖಲೆ ಪುಸ್ತಕ ಕಾರ್ಖಾನೆಯಲ್ಲೇ ಉಳಿಯುವಂತೆ ನೋಡಿಕೊಂಡರೆ, ಹೋದವರ ಕೆಲಸವನ್ನು ಬಂದವರು ಮುಂದುವರಿಸಬಹುದು.

ಇನ್ನು ನಿಜವಾಗಿಯೂ ಕೆಲಸವಿಲ್ಲದಿದ್ದರೆ? ಆಗಲೂ ಎರಡು ಸಾಲಿನ ಉತ್ತರ ಸಾಕು: ‘ತಮ್ಮ ಪತ್ರ ತಲುಪಿದೆ. ಸದ್ಯಕ್ಕೆ ಅವಕಾಶವಿಲ್ಲ, ಮುಂದಿನ ಹಂಗಾಮಿನ ಆರಂಭದಲ್ಲಿ ಮತ್ತೊಮ್ಮೆ ವಿಚಾರಿಸಬಹುದು.’ ಪತ್ರವನ್ನು ತಾರೀಖು ಹಾಕಿ ಬೇರೆ ಕಡತದಲ್ಲಿಡಬೇಕು. ಬರೆದವರು ಒಪ್ಪಿದರೆ ಅಗತ್ಯವಿರುವ ನೆರೆಯ ಘಟಕಕ್ಕೆ ದಾಟಿಸಬಹುದು. ಮೇಸ್ತ್ರಿ ಹಠಾತ್ತನೆ ಕೆಲಸ ಬಿಟ್ಟ ದಿನ, ಇಲ್ಲವೇ ಖರೀದಿದಾರ ಮೊದಲ ಬಾರಿಗೆ ಬ್ಯಾಚಿನ ವರದಿ ಕೇಳಿದ ದಿನ, ಮಾಲೀಕರು ಯಾರ ಪರಿಚಯಕ್ಕೂ ಕಾಯದೆ ತೆರೆಯಬಹುದಾದುದು ಆ ಕಡತವನ್ನೇ.