ತಲೆಗೆ ಬಣ್ಣ: ಪುಡಿಯೋ, ಕ್ರೀಮೋ, ನೊರೆಯೋ?

ಬೈತಲೆ ಮತ್ತು ಕಿವಿಯ ಪಕ್ಕದ ನರೆ ಮುಚ್ಚಿದರೆ ಸಾಕೆನ್ನುವವರು ಟ್ಯೂಬಿನ ಕ್ರೀಮನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಒರಟು ನರೆಗೂದಲು ಬಣ್ಣವನ್ನು ಸುಲಭವಾಗಿ ಹೀರುವುದಿಲ್ಲ. ಡೆವಲಪರ್‌ನೊಂದಿಗೆ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕಲಸಿದ ಕ್ರೀಮು ದಪ್ಪಗಿದ್ದು, ಬ್ರಷ್‌ನಿಂದ ಹಚ್ಚಿದಲ್ಲೇ ನಿಲ್ಲುತ್ತದೆ. ಉಳಿದ ಟ್ಯೂಬನ್ನು ಮುಚ್ಚಿಡಬಹುದು, ಕಲಸಿದ್ದನ್ನು ಮಾತ್ರ ಇಡಬೇಡಿ.

ನೊರೆಯನ್ನು ಶಾಂಪೂವಿನಂತೆ ಉಜ್ಜಿದರಾಯಿತು. ಉದ್ದ ಕೂದಲಿಗೆ, ಕಾಣದ ಹಿಂಭಾಗಕ್ಕೆ ಅದೇ ಸುಲಭ. ಆದರೆ ಕಿವಿಯ ಪಕ್ಕದ ನರೆಗೆ ತೆಳುವಾಗುತ್ತದೆ, ಕರಗಿ ಹಣೆಗೂ ಇಳಿಯುತ್ತದೆ. ಹಣೆಯಂಚಿಗೆ ಮೊದಲೇ ವ್ಯಾಸಲೀನ್ ಸವರಿಕೊಳ್ಳಿ.

ಪುಡಿ ಅಗ್ಗ, ನೀರಿದ್ದರೆ ಸಾಕು. ನೀರು ತುಸು ಹೆಚ್ಚಾದರೆ ಮಾತ್ರ ಕುತ್ತಿಗೆಗೆ, ಬಟ್ಟೆಗೆ, ಬಚ್ಚಲಿಗೆ ಸೋರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ 'ಕಪ್ಪು ಮೆಹಂದಿ' ಎಂಬ ಹೆಸರು. ಮೆಹಂದಿ ಎಲೆಯೊಂದೇ ಕೊಡುವುದು ಕೆಂಪು ಬಣ್ಣ. ಅರ್ಧ ಗಂಟೆಯಲ್ಲಿ ನರೆ ಕಪ್ಪಾಯಿತೆಂದರೆ ಅದರಲ್ಲಿ ಪಿಪಿಡಿ ಎಂಬ ರಾಸಾಯನಿಕ ಇದೆಯೆಂದೇ ಎಣಿಸಿ, ಪೊಟ್ಟಣದ ಹಿಂಬದಿ ಓದಿ. ಕ್ರೀಮು, ನೊರೆಗಳಲ್ಲೂ ಅದು ಇರುವುದುಂಟು. ಅಪ್ಪಟ ಕಪ್ಪು ಬೇಡವೆಂದು ಕಡು ಕಂದು ಹಚ್ಚುವವರೂ ನೋಡಿಕೊಳ್ಳಬೇಕು.

ಪಿಪಿಡಿ ಒಗ್ಗದವರಿಗೆ ನೆತ್ತಿ ತುರಿಸಿ, ಮರುದಿನ ರೆಪ್ಪೆ ಊದಿಕೊಳ್ಳಬಹುದು. ಮೊದಲೇ ತಿಳಿಯಲು, ಪೊಟ್ಟಣದಲ್ಲಿ ಹೇಳಿದಂತೆ ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾಯಿರಿ. ಈದ್‌ಗೆ ಹಚ್ಚುವುದಾದರೆ ಮೂರು ದಿನ ಮುಂಚೆಯೇ ಪರೀಕ್ಷಿಸಿ. ತುರಿಕೆ, ಕೆಂಪು ಕಂಡರೆ ಆ ಪೊಟ್ಟಣ ಬಿಡಿ. ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.