‘ಮೂರು ದಿನದಲ್ಲಿ ಪ್ರಕಟಣೆ’ ಎನ್ನುವ ಜರ್ನಲ್ ನಂಬಬಹುದೇ?

“ಯುಜಿಸಿ ಕೇರ್ ಪಟ್ಟಿಯಲ್ಲಿದೆ, ಐಎಸ್‌ಎಸ್‌ಎನ್ ಇದೆ, 1,500 ರೂಪಾಯಿಗೆ ಮೂರೇ ದಿನದಲ್ಲಿ ಪ್ರಕಟಣೆ.” ಎಂ.ಎಸ್ಸಿ. ಪ್ರಬಂಧ ಮುಗಿಸಿದವರಿಗೆ ಇಂಥ ವಾಟ್ಸಾಪ್ ಸಂದೇಶ ಬರುತ್ತದೆ. ನಂಬಬೇಡಿ. ಕೇರ್ ಪಟ್ಟಿಯನ್ನು ಯುಜಿಸಿ 2025ರಲ್ಲೇ ಕೈಬಿಟ್ಟಿದೆ. ಐಎಸ್‌ಎಸ್‌ಎನ್ ಬರೀ ಗುರುತಿನ ಸಂಖ್ಯೆ, ಗುಣಮಟ್ಟದ ಮುದ್ರೆಯಲ್ಲ. ಇನ್ನು ಮೂರು ದಿನ! ತಜ್ಞರು ಓದಿ, ತಪ್ಪು ತೋರಿಸಿ, ನೀವು ತಿದ್ದಿ ಕಳಿಸಲು ಸಾಮಾನ್ಯವಾಗಿ ತಿಂಗಳುಗಳೇ ಬೇಕು. ಶುಲ್ಕವೊಂದೇ ಮೋಸದ ಗುರುತಲ್ಲ, ಒಳ್ಳೆಯ ಜರ್ನಲ್‌ಗಳಲ್ಲೂ ಕೆಲವು ಹಣ ಕೇಳುತ್ತವೆ.

ಹಾಗಾದರೆ ಎಲ್ಲಿಗೆ ಕಳಿಸುವುದು? ನಿಮ್ಮ ಪ್ರಬಂಧದ ಕೊನೆಯ ಆಕರಪಟ್ಟಿ ತೆರೆಯಿರಿ. ನೀವು ಬರೆದದ್ದು ಕೊಳವೆಬಾವಿ ನೀರಿನ ಫ್ಲೋರೈಡ್ ಬಗ್ಗೆ ಎಂದುಕೊಳ್ಳಿ. ಅದರಲ್ಲಿ ಮತ್ತೆ ಮತ್ತೆ ಬರುವ ಜರ್ನಲ್‌ಗಳನ್ನು ಗುರುತು ಮಾಡಿ, ಒಂದೇ ತಾಲ್ಲೂಕಿನಂಥ ಸಣ್ಣ ಅಧ್ಯಯನವನ್ನು ಯಾವುದು ಪ್ರಕಟಿಸಿದೆ ನೋಡಿ. ಹೆಸರಾಂತ ಜರ್ನಲ್‌ಗಳ ನಕಲಿ ತಾಣಗಳೂ ಇವೆ. ಆದ್ದರಿಂದ ಫಾರ್ವರ್ಡ್ ಆದ ಲಿಂಕ್ ಒತ್ತದೆ, ಆ ಹಳೆಯ ಲೇಖನದ ಡಿಒಐ ಮೂಲಕವೇ ಜರ್ನಲ್ ತಾಣಕ್ಕೆ ಹೋಗಿ.